ಹಸಿರು ರಟ್ಟಿನ ಪುಸ್ತಕ ಹಿಡಿದವರಿಗೆ ಈದ್ ಮುಬಾರಕ್

 

ಈ ಸಲ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿದೆ. ಅಂದು ಸಂಜೆ ಚಂದ್ರ ಕಂಡರೆ ಸೋಮವಾರವೇ ಈದ್. ಬೇವು-ಬೆಲ್ಲ ತಿಂದ ಮರುದಿನವೇ ಶೀರ್‌ಖುರ್ಮಾ ಸಿಗುವ ಭಾಗ್ಯ ಕ್ಯಾಸಂಬಳ್ಳಿಯ ಬೀದಿಗಳಿಗೆ ಎಲ್ಲ ವರ್ಷವೂ ಬರುವುದಿಲ್ಲ. ನಮ್ಮ ದ್ವಿತೀಯ ಪಿಯು ಪರೀಕ್ಷೆ 20ನೇ ತಾರೀಕಿಗೆ ಮುಗಿಯಿತು. ನಾವು ಕಾಲೇಜು ಬಿಡುವ ಮುಂಚೆ, ತಂಡದ ಮುಖ್ಯಸ್ಥನಾಗಿ ನಿಮಗೆ ಎರಡು ಮಾತು ಬರೆಯಲೇಬೇಕೆನಿಸಿತು.

ನಮ್ಮ ತಂಡದ ಬಗ್ಗೆ ಊರಿನಲ್ಲಿ ಒಂದು ತಮಾಷೆ ಇದೆ. ರಕ್ತದಾನ ತಂಡವಂತೆ, ಒಬ್ಬರೂ ರಕ್ತ ಕೊಟ್ಟಿಲ್ಲವಂತೆ! ಮಾತು ನಿಜವೇ. ನಮ್ಮ ದೇಶದಲ್ಲಿ ರಕ್ತ ಕೊಡಲು 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಪಿಯುಸಿ ಓದುವ ನಮ್ಮಲ್ಲಿ ಹೆಚ್ಚಿನವರಿಗೆ ವಯಸ್ಸೇ ಆಗಿಲ್ಲ. ಹಾಗಾಗಿ ವರ್ಷವಿಡೀ ನಾವು ಮಾಡಿದ್ದು ಒಂದೇ ಕೆಲಸ. ಕೊಡಬಲ್ಲವರು ಯಾರು, ಯಾವಾಗ ಕೊಡಬಲ್ಲರು ಎಂದು ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದು. ಆ ಪುಸ್ತಕ ಬರೆದವರಿಗೆ, ಅದನ್ನು ಹಿಡಿದು ಫೋನ್ ಮಾಡಿದವರಿಗೆ ನಾನು ಧನ್ಯವಾದ ಹೇಳಬೇಕಾಗಿರುವುದು.

ಮೊದಲು ಆ ಪುಸ್ತಕದಲ್ಲಿ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರ್ ಇಷ್ಟೇ ಇದ್ದವು. ಅಂಥ ಪಟ್ಟಿ ಪ್ರತಿಯೊಂದು ಸಂಘದಲ್ಲೂ ಇರುತ್ತದೆ, ತುರ್ತಿನ ಹೊತ್ತಿನಲ್ಲಿ ಅದರಿಂದ ಅರ್ಧ ಉಪಯೋಗವೂ ಇಲ್ಲ. ಪ್ರಥಮ ಪಿಯುವಿನ ಹುಡುಗಿಯೊಬ್ಬಳು (ಹೆಸರು ಬರೆದರೆ ಅವಳು ನನ್ನನ್ನು ಬಿಡುವುದಿಲ್ಲ) ಆಗಸ್ಟ್ ತಿಂಗಳಲ್ಲಿ ಸ್ಕೇಲು ಹಿಡಿದು ಇನ್ನೊಂದು ಕಲಂ ಎಳೆದಳು: 'ಕೊನೆಯ ಸಲ ಕೊಟ್ಟ ತಾರೀಕು'. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸರು 120 ದಿನ. ಕೊಟ್ಟ ರಕ್ತದ ನೀರಿನ ಅಂಶ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತದೆ, ಆದರೆ ಕೆಂಪು ಕಣಗಳು ತಯಾರಾಗಲು ವಾರಗಳು ಬೇಕು, ಹೋದ ಕಬ್ಬಿಣದ ಅಂಶ ಮರಳಿ ಬರಲು ಇನ್ನೂ ಹೆಚ್ಚು ಕಾಲ ಬೇಕು. ಆ ಒಂದು ಕಲಂ ಎಷ್ಟು ಕೆಲಸ ಉಳಿಸಿತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ವರ್ಷ ನಿಜಕ್ಕೂ ಬಿಡುವಿಲ್ಲದ್ದಾಗಿತ್ತು. ಮಳೆಗಾಲದಲ್ಲಿ ಡೆಂಗಿ ಹೆಚ್ಚಾಗಿ, 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಆಗ ನಮ್ಮ ಫೋನಿಗೆ ಬಂದದ್ದೆಲ್ಲ ಪ್ಲೇಟ್‌ಲೆಟ್ ಬೇಡಿಕೆಯೇ. ಪ್ಲೇಟ್‌ಲೆಟ್ಟನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗದು. ಕೆಂಪು ರಕ್ತದಂತೆ ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ಕಾಪಾಡುವ ಹಾಗಿಲ್ಲ, ಹದವಾದ ಬಿಸುಪಿನಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು. ಆ ದಿನಗಳಲ್ಲೇ ನಾವು ಕಲಿತದ್ದು, ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ದೂಡಬಾರದು ಎಂದು. 'ಅರ್ಜೆಂಟ್, ದಯವಿಟ್ಟು ಶೇರ್ ಮಾಡಿ' ಎಂಬ ಸಂದೇಶದಲ್ಲಿ ತಾರೀಕೇ ಇರುವುದಿಲ್ಲ. ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಅದು ವಾರಗಟ್ಟಲೆ ಊರೂರು ಸುತ್ತುತ್ತಿರುತ್ತದೆ. ಅದಕ್ಕೇ ಮೊದಲು ಆ ನಂಬರಿಗೆ ನಾವೇ ಫೋನ್ ಮಾಡಿ, ಯಾವ ಆಸ್ಪತ್ರೆ, ಯಾವ ವಾರ್ಡು, ಎಷ್ಟು ಯೂನಿಟ್, ಯಾವಾಗ ಬೇಕು ಎಂದು ಕೇಳಿ, ವೈದ್ಯರು ಬರೆದ ಚೀಟಿಯ ಫೋಟೋ ತರಿಸಿಕೊಂಡ ನಂತರವೇ ಪುಸ್ತಕ ತೆಗೆಯುವುದು ಎಂದು ಮಾಡಿಕೊಂಡೆವು. ಚೀಟಿ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತಿತ್ತು. ನೀವು ಯಾರೂ ತಿರುಗಿ ಸಿಟ್ಟಾಗಲಿಲ್ಲ.

ಡಿಸೆಂಬರ್ 20ರ ಶಿಬಿರ ನಿಮಗೆ ನೆನಪಿರಬಹುದು. ನನಗೆ ಅದರಲ್ಲಿ ಹೆಚ್ಚು ನೆನಪಿರುವುದು ಹೆಂಗಸರ ಸಾಲು. ಬೆರಳ ತುದಿಯಿಂದ ತೆಗೆದ ಒಂದು ಹನಿ ರಕ್ತವನ್ನು ನೀಲಿ ಮೈಲುತುತ್ತದ ದ್ರಾವಣಕ್ಕೆ ಬಿಡುತ್ತಾರೆ. ಹನಿ ತಡವಿಲ್ಲದೆ ಮುಳುಗಿದರೆ ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ, ತೇಲಿದರೆ ಕಡಿಮೆ. ಅವತ್ತು ಎಷ್ಟೋ ತಾಯಂದಿರ ಹನಿ ತೇಲಿತು. ಒಬ್ಬ ಅಮ್ಮ ಎಲ್ಲರೆದುರಿಗೇ ಕೇಳಿದರು, "ಯಾಕಪ್ಪಾ, ನನ್ನ ರಕ್ತ ಚೆನ್ನಾಗಿಲ್ವಾ?" ಅವರನ್ನು ಸುಮ್ಮನೆ ಕಳಿಸಿಬಿಡುವುದು ಸುಲಭವಿತ್ತು. ಆದರೆ ನಮ್ಮ ಹುಡುಗಿಯರು ಅವರನ್ನು ಪಕ್ಕಕ್ಕೆ ಕೂರಿಸಿ, "ಚೆನ್ನಾಗಿದೆ ಅಮ್ಮಾ, ನಿಮಗೇ ಸಾಲದು ಅಷ್ಟೇ, ನಿಮ್ಮಿಂದ ತಗೊಂಡ್ರೆ ನಿಮಗೆ ತೊಂದರೆ" ಎಂದು ಹೇಳಿ, ಒಂದು ಚೀಟಿಯಲ್ಲಿ ಬರೆದುಕೊಟ್ಟು, ಆರೋಗ್ಯ ಕೇಂದ್ರದಲ್ಲಿ ತೋರಿಸಿ ಎಂದು ಕಳಿಸಿದರು. ಆ ಅಮ್ಮ ಜನವರಿಯಲ್ಲಿ ಕಬ್ಬಿಣದ ಮಾತ್ರೆಯ ಖಾಲಿ ಪಟ್ಟಿಯನ್ನು ಕಾಲೇಜು ಗೇಟಿನ ಹತ್ತಿರ ತಂದು ತೋರಿಸಿ ಹೋದರು. ಶಿಬಿರದಲ್ಲಿ ಎಷ್ಟು ಯೂನಿಟ್ ಸಿಕ್ಕಿತು ಎನ್ನುವ ಲೆಕ್ಕದಲ್ಲಿ ಆಕೆ ಎಲ್ಲೂ ಇಲ್ಲ.

ಅವತ್ತೇ ಬಿಸ್ಕತ್ತು ಟೇಬಲ್ಲಿನ ಹುಡುಗರೂ ಒಂದು ಒಳ್ಳೆಯ ಕೆಲಸ ಮಾಡಿದರು. ರಕ್ತ ಕೊಟ್ಟು ಎದ್ದುಬಂದ ಯುವಕನೊಬ್ಬ ಮೇಲಿಂದ ಮೇಲೆ ಆಕಳಿಸುತ್ತಿದ್ದ. ನೋಡುವವರಿಗೆ ಅದು ನಿದ್ದೆಯಂತೆ ಕಾಣುತ್ತದೆ. ಆದರೆ ಆಕಳಿಕೆ, ಹಣೆಯ ಮೇಲೆ ತಣ್ಣನೆ ಬೆವರು, ಬಿಳಿಚಿದ ತುಟಿ, ಇವು ತಲೆಸುತ್ತು ಬರುವುದರ ಮುನ್ಸೂಚನೆ ಎಂದು ಬೆಳಿಗ್ಗೆಯೇ ನರ್ಸ್ ಹೇಳಿಕೊಟ್ಟಿದ್ದರು. ಅವನು ಬೈಕಿನ ಕೀಲಿ ತೆಗೆಯುವಷ್ಟರಲ್ಲಿ ಹುಡುಗರು ಅವನನ್ನು ಹಿಡಿದು ಮಲಗಿಸಿ ಕಾಲು ಎತ್ತಿಟ್ಟರು. ಹತ್ತು ನಿಮಿಷದಲ್ಲಿ ಸರಿಹೋದ. ಬೈಕ್ ಹತ್ತಿ ಹೊರಟಿದ್ದರೆ ಏನಾಗುತ್ತಿತ್ತೋ.

ಈಗ ರಂಜಾನಿನ ಮಾತಿಗೆ ಬರುತ್ತೇನೆ. ನಮ್ಮ ಪುಸ್ತಕದಲ್ಲಿರುವ ದಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ರೋಜಾ ಇಡುವವರು. ರೋಜಾದಲ್ಲಿ ರಕ್ತ ಕೊಡಬಹುದೇ ಎನ್ನುವ ಮಸಲೆಯನ್ನು ಬಲ್ಲವರಿಗೆ ಬಿಡೋಣ. ರಕ್ತನಿಧಿಯವರ ನಿಯಮವಂತೂ ಸ್ಪಷ್ಟವಾಗಿದೆ, ಹಸಿದ ಹೊಟ್ಟೆಯಲ್ಲಿ ಬಂದವರಿಂದ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆ ತಿಂಗಳು ಹಗಲು ಹೊತ್ತಿನಲ್ಲಿ ನಮ್ಮ ಅರ್ಧ ಪುಸ್ತಕ ಮುಚ್ಚಿದಂತೆಯೇ. ಇಫ್ತಾರ್ ಆಗಿ, ಊಟ ಮಾಡಿ, ಎರಡು ಗಂಟೆ ಕಳೆದ ಮೇಲೆ ಕೊಟ್ಟರೆ ತೊಂದರೆಯಿಲ್ಲ. ಆಮೇಲೆ ಸಹರಿಯವರೆಗೂ ನೀರು ಕುಡಿಯಲು ಸಮಯವಿರುತ್ತದೆ. ಪರೀಕ್ಷೆಯ ಕಾರಣ ನಾವು ಎರಡನೇ ವರ್ಷದವರು ಫೋನನ್ನು ಪ್ರಥಮ ಪಿಯುವಿನವರ ಕೈಗೆ ಕೊಟ್ಟಿದ್ದೆವು.

ಮಾರ್ಚ್ 12ರ ಸಂಜೆ ಐದು ಗಂಟೆಗೆ ಕೋಲಾರದ ಒಂದು ಆಸ್ಪತ್ರೆಯಿಂದ ಕರೆ ಬಂತು. ಮರುದಿನ ಬೆಳಿಗ್ಗೆ ಹೆರಿಗೆಯ ಆಪರೇಷನ್, ತಾಯಿಯದು ಓ ನೆಗೆಟಿವ್, ಎರಡು ಯೂನಿಟ್ ಸಿದ್ಧವಿರಬೇಕು. ನಮ್ಮ ದೇಶದಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದಾರು ಜನ ಮಾತ್ರ, ಅದರಲ್ಲೂ ಓ ನೆಗೆಟಿವ್ ಇನ್ನೂ ಕಡಿಮೆ. ಓ ನೆಗೆಟಿವ್ ರಕ್ತವನ್ನು ಯಾರಿಗಾದರೂ ಕೊಡಬಹುದು, ಆದರೆ ಓ ನೆಗೆಟಿವ್ ಇರುವವರಿಗೆ ಓ ನೆಗೆಟಿವ್ ಮಾತ್ರವೇ ಆಗಬೇಕು. ನಮ್ಮ ಪುಸ್ತಕದಲ್ಲಿ ಅಂಥವರು ಏಳು ಜನ.

ಕಲಂ ಎಳೆದ ಹುಡುಗಿಯೇ ಅಂದು ಫೋನ್ ಹಿಡಿದಿದ್ದಳು. ಒಬ್ಬರು ನಮ್ಮ ಡಿಸೆಂಬರ್ ಶಿಬಿರದಲ್ಲೇ ಕೊಟ್ಟಿದ್ದರು, 82 ದಿನವಾಗಿತ್ತು, ಇನ್ನೂ ಎಂಟು ದಿನ ಬಾಕಿ. ಒಬ್ಬ ಟೀಚರ್ ನವೆಂಬರ್ 25ಕ್ಕೆ ಕೊಟ್ಟಿದ್ದರು, ಹೆಂಗಸರ ಲೆಕ್ಕಕ್ಕೆ ಅವರಿಗೂ ಆಗಿರಲಿಲ್ಲ. ಈ ಇಬ್ಬರಿಗೆ ಫೋನ್ ಮಾಡುವ ಅಗತ್ಯವೇ ಬೀಳಲಿಲ್ಲ. ಮಾಡಿದ್ದರೆ ಇಬ್ಬರೂ 'ಬರ್ತೀನಿ' ಎಂದು ಕೋಲಾರದವರೆಗೂ ಹೋಗಿ ವಾಪಸು ಬರುತ್ತಿದ್ದರು, ಅಂಥ ಜನ ಅವರು. ಉಳಿದವರಲ್ಲಿ ಒಬ್ಬರು ಹಲ್ಲು ಕೀಳಿಸಿಕೊಂಡು ಮಾತ್ರೆ ತಗೊಳ್ಳುತ್ತಿದ್ದರು. ಒಬ್ಬರು ಬೆಂಗಳೂರಿನ ಕೆಲಸದಲ್ಲಿದ್ದರು, ಮಾರಿಕುಪ್ಪಂ ರೈಲಿನಲ್ಲಿ ಊರು ಸೇರುವಾಗ ರಾತ್ರಿ ಬಹಳ ಆಗುತ್ತಿತ್ತು. ಒಬ್ಬರ ಫೋನ್ ಆಫ್. ಕೊನೆಗೆ ಇಬ್ಬರು ಉಳಿದರು: ರಾಬರ್ಟ್‌ಸನ್‌ಪೇಟೆಯ ಒಬ್ಬ ಆಟೋ ಚಾಲಕರು, ಆಂಡರ್ಸನ್‌ಪೇಟೆಯ ಒಬ್ಬ ಗಾರೆ ಕೆಲಸದವರು.

ಗಾರೆ ಕೆಲಸದವರು ದಿನವಿಡೀ ಬಿಸಿಲಲ್ಲಿದ್ದು ಆಗಷ್ಟೇ ಮನೆಗೆ ಬಂದಿದ್ದರು. "ಈಗಲೇ ಹೊರಡ್ತೀನಿ ಪಾಪಾ" ಎಂದರು. "ಬೇಡ ಅಣ್ಣಾ, ಮೊದ್ಲು ಊಟ ಮಾಡಿ, ಚೆನ್ನಾಗಿ ನೀರು ಕುಡೀರಿ. ನಾಳೆ ಸಿಮೆಂಟ್ ಮೂಟೆ ಹೊರೋ ಕೆಲ್ಸ ಇದ್ಯಾ?" ಎಂದು ಇವಳು ಕೇಳಿದಳು. ಇತ್ತು. ರಕ್ತ ಕೊಟ್ಟ ಮೇಲೆ ಒಂದು ದಿನವಾದರೂ ಭಾರ ಎತ್ತಬಾರದು. ಇವಳು ಮೇಸ್ತ್ರಿಗೂ ಫೋನ್ ಮಾಡಿ ಮರುದಿನ ಅವರಿಗೆ ಹಗುರ ಕೆಲಸ ಕೊಡಿಸಿದಳು. ಇದು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

ಆಟೋ ಚಾಲಕರು ರೋಜಾದಲ್ಲಿದ್ದರು. ಖರ್ಜೂರ, ನೀರು, ಊಟ ಎಲ್ಲ ಮುಗಿಸಿ ತಮ್ಮ ಆಟೋದಲ್ಲೇ ಇನ್ನೊಬ್ಬರನ್ನೂ ಕರೆದುಕೊಂಡು ಹೋಗುವುದಾಗಿ ಹೇಳಿದರು. "ಹೋಗುವಾಗ ನೀವು ಓಡಿಸಿ ಚಾಚಾ, ಬರುವಾಗ ಬೇರೆಯವರು ಓಡಿಸಲಿ" ಎಂದು ಹಟ ಹಿಡಿದಳು. ಅವರ ತಮ್ಮ ಜೊತೆಗೆ ಹೊರಟರು. ಒಂಬತ್ತೂಕಾಲಿಗೆ ಎರಡು ಚೀಲ ರಕ್ತ ಆಗಿತ್ತು.

ಇಲ್ಲೊಂದು ವಿಷಯ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕೊಟ್ಟ ರಕ್ತವನ್ನು ಹಾಗೇ ತೆಗೆದುಕೊಂಡು ಹೋಗಿ ರೋಗಿಗೆ ಹಾಕುವುದಿಲ್ಲ. ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಇವುಗಳ ಪರೀಕ್ಷೆಯಾಗಬೇಕು, ರೋಗಿಯ ರಕ್ತದ ಜೊತೆ ಹೊಂದಿಸಿ ನೋಡಬೇಕು. ಅದಕ್ಕೆ ಗಂಟೆಗಳು ಹಿಡಿಯುತ್ತವೆ. ಹಿಂದಿನ ರಾತ್ರಿಯೇ ಸಿಕ್ಕಿದ್ದರಿಂದ ಬೆಳಿಗ್ಗೆಗೆ ಎಲ್ಲ ಸಿದ್ಧವಾಯಿತು. ಅದೇ ಕರೆ ಆಪರೇಷನ್ ಮೇಜಿನ ಮೇಲಿಂದ ಬಂದಿದ್ದರೆ ನಮ್ಮ ದಾನಿ ಎಷ್ಟೇ ವೇಗವಾಗಿ ಓಡಿಬಂದರೂ ಆ ಹೊತ್ತಿಗೆ ಉಪಯೋಗವಾಗುತ್ತಿರಲಿಲ್ಲ. ಆಗ ಉಳಿಸುವುದು ಮೊದಲೇ ಯಾರೋ ಕೊಟ್ಟು ಫ್ರಿಜ್ಜಿನಲ್ಲಿದ್ದ ರಕ್ತ ಮಾತ್ರ. ಮರುದಿನ ಆ ತಾಯಿಗೆ ಒಂದೇ ಯೂನಿಟ್ ಬೇಕಾಯಿತು. ಹೆಣ್ಣುಮಗು, ಇಬ್ಬರೂ ಕ್ಷೇಮ. ಉಳಿದ ಇನ್ನೊಂದು ಚೀಲ ಆ ಫ್ರಿಜ್ಜಿನಲ್ಲೇ ಉಳಿಯಿತು. ಯಾರಿಗೆ ಹೋಯಿತೋ ನಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಬಿಸಿಲಲ್ಲಿ ಕರಪತ್ರ ಹಂಚಿದವರಿಗೆ, ತೆಲುಗು, ತಮಿಳು, ದಖನಿ ಮೂರರಲ್ಲೂ ಮಾತಾಡಿ ಮನೆಮನೆಯ ಹಿರಿಯರನ್ನು ಒಪ್ಪಿಸಿದವರಿಗೆ, ಶಿಬಿರದ ಮಾರನೆಯ ದಿನ ಯಾರೂ ಹೇಳದೆಯೇ ಬೆಂಚುಗಳನ್ನು ಮತ್ತೆ ತರಗತಿಗೆ ಸಾಗಿಸಿದವರಿಗೆ, ಫೋನಿನ ರೀಚಾರ್ಜಿಗೆ ಕೈಯಿಂದ ಹಣ ಹಾಕಿದ ಮೇಷ್ಟ್ರಿಗೆ, ಎಲ್ಲರಿಗೂ ಮನಸಾರೆ ಧನ್ಯವಾದ.

ಪುಸ್ತಕ ಈಗ ಪ್ರಥಮ ಪಿಯುವಿನವರ ಹತ್ತಿರವೇ ಇದೆ, ಅಲ್ಲೇ ಇರಲಿ. ಕಾಲೇಜು ತೆರೆದ ಮೊದಲ ವಾರ ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡಿ ನೋಡಿ, ಸಿಮ್ ಬದಲಾಯಿಸಿದವರು ತುಂಬ ಜನ ಇರುತ್ತಾರೆ. ಆಟೋ ಚಾಚಾ ಮತ್ತು ಗಾರೆ ಅಣ್ಣನ ಹೆಸರಿನ ಮುಂದೆ ಮಾರ್ಚ್ 12 ಎಂದು ಬರೆದಿದೆ. ಜೂನ್ 10ರವರೆಗೆ ಅವರನ್ನು ಕರೆಯಬೇಡಿ. ಬಿ ಪಾಸಿಟಿವ್ ಪುಟದ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ, ಅದನ್ನು ತುಂಬಬೇಡಿ. ಮೇ ತಿಂಗಳಲ್ಲಿ ನನಗೆ 18 ಆಗುತ್ತದೆ.

ಯುಗಾದಿಯ ಶುಭಾಶಯಗಳು. ಈದ್ ಮುಬಾರಕ್. ಸೋಮವಾರ ನಮಾಜ್ ಮುಗಿದ ಮೇಲೆ ನಮ್ಮ ಮನೆಗೆ ಬನ್ನಿ, ಶೀರ್‌ಖುರ್ಮಾ ದೊಡ್ಡ ಪಾತ್ರೆಯಲ್ಲೇ ಮಾಡಿಸುತ್ತೇನೆ.