ಸೀವರ್, ಸಿವಿಯರ್ ಮತ್ತು ನಮ್ಮ ಹುಡುಗನ ಹಿಮ್ಮಡಿ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ನನ್ನ ಮಗಳ ಮಗ, ಹತ್ತು ವರ್ಷದ ಹುಡುಗ, "ಅಮ್ಮಮ್ಮ, ಹಿಮ್ಮಡಿ ನೋಯ್ತದೆ" ಎಂದಾಗ ನಾನು ನಂಬಲಿಲ್ಲ. ಭಾನುವಾರವಿಡೀ ಚೆಂಡಿನ ಹಿಂದೆ ಕುದುರೆಯಂತೆ ಓಡಿದವನು ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ಕುಂಟುತ್ತಾನೆಂದರೆ ಯಾವ ಅಜ್ಜಿ ತಾನೇ ನಂಬಿಯಾಳು? "ಶಾಲೆ ತಪ್ಪಿಸುವ ನೆಪ, ಏಳು ಏಳು" ಎಂದು ಗದರಿಸಿ ಕಳಿಸಿದೆ. ಮೂರನೆಯ ಮಾಳಿಗೆಯಿಂದ ಅವನು ಮುಂಗಾಲಿನ ಮೇಲೆಯೇ ಮೆಟ್ಟಿಲಿಳಿದು ಹೋಗುವುದನ್ನು ನೋಡಿದೆ. ನೋಡಿಯೂ ನನಗೆ ಹೊಳೆಯಲಿಲ್ಲ.

ನಿಮ್ಮಲ್ಲಿ ಬಹಳ ಮಂದಿ ಇಲ್ಲಿಯೇ, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಹುಟ್ಟಿ ಬೆಳೆದವರು. ಸಂಘದ ಕ್ರೀಡಾಕೂಟದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸುವವರು ನೀವೇ. ಮನೆಯಲ್ಲಿ ಅಣ್ಣನ ಮಗನೋ ಅಕ್ಕನ ಮಗಳೋ ಈ ವಯಸ್ಸಿನವರಿದ್ದಾರು. ಆದ್ದರಿಂದ ನನ್ನ ವಯಸ್ಸಿನವರಿಗಿಂತ ನಿಮಗೇ ಇದು ಗೊತ್ತಿರಬೇಕೆಂದು ಬರೆಯುತ್ತಿದ್ದೇನೆ.

ಆ ವರ್ಷ ಹುಡುಗ ಏಪ್ರಿಲ್, ಮೇ ಎರಡೂ ತಿಂಗಳು ಊರಿನಲ್ಲಿ, ಕುಂದಾಪುರದ ಕಡೆ, ಮರಳಿನಲ್ಲಿ ಬರಿಗಾಲಿನಲ್ಲಿ ಆಡಿಕೊಂಡಿದ್ದ. ಹಿಂದಿರುಗಿ ಬಂದಾಗ ಎರಡು ಬೆರಳು ಎತ್ತರವಾಗಿದ್ದ, ಶಾಲೆಯ ಪ್ಯಾಂಟು ಗೆಣ್ಣಿನ ಮೇಲೆ ನಿಂತಿತ್ತು. ಅದೇ ವಾರದಿಂದ ಫುಟ್‌ಬಾಲ್ ತರಗತಿ ಶುರುವಾಯಿತು. ಶನಿವಾರ, ಭಾನುವಾರ ನೆರೂಳಿನಲ್ಲಿ, ಕೃತಕ ಹುಲ್ಲು ಹಾಸಿದ ಮೈದಾನದಲ್ಲಿ, ಎರಡೆರಡು ಗಂಟೆ. ಡೊಂಬಿವಲಿಯಿಂದ ಥಾಣೆ, ಅಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ. ಉಳಿದ ದಿನ ಸಂಜೆ ಸೊಸೈಟಿಯ ಕಾಂಕ್ರೀಟು ಅಂಗಳದಲ್ಲಿ ಕ್ರಿಕೆಟ್ಟು. ಎರಡು ತಿಂಗಳು ಮೆತ್ತಗಿನ ನೆಲ, ಆಮೇಲೆ ಒಂದೇ ಸಲಕ್ಕೆ ಗಟ್ಟಿ ನೆಲ ಮತ್ತು ಅಡಿಯಲ್ಲಿ ಗುಬ್ಬಿಗಳಿರುವ ಹೊಸ ಬೂಟು. ಇದೆಲ್ಲವನ್ನೂ ನಾನು ಆಮೇಲೆ ಲೆಕ್ಕ ಹಾಕಿದ್ದು.

ಎರಡು ವಾರವಾದರೂ ಕುಂಟು ಹೋಗದಿದ್ದಾಗ ನನಗೆ ಗೊತ್ತಿದ್ದ ಮದ್ದು ಮಾಡಿದೆ. ನಮ್ಮ ಕಡೆ ಹಿಮ್ಮಡಿ ನೋವಿಗೆ ಇಟ್ಟಿಗೆ ಕಾಯಿಸಿ ಅದರ ಮೇಲೆ ಎಕ್ಕದ ಎಲೆ ಇಟ್ಟು ಕಾಲೂರಿಸುತ್ತಾರಲ್ಲ, ಆ ಇಟ್ಟಿಗೆಗೆ ಡೊಂಬಿವಲಿಯಲ್ಲಿ ಎಲ್ಲಿಗೆ ಹೋಗಲಿ? ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದೆ. ಹುಡುಗ ಚೀರಿದ. ಆಗಲೇ ನನಗೆ ಇದು ನೆಪವಲ್ಲವೆಂದು ಅರಿವಾದದ್ದು. ಹಿರಿಯರ ಹಿಮ್ಮಡಿ ನೋವು ಸಾಮಾನ್ಯವಾಗಿ ಅಂಗಾಲಿನ ಕಡೆಯಿಂದ, ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲಿ ಕುಟುಕುತ್ತದೆ. ಇವನದು ಹಾಗಲ್ಲ. ಹಿಮ್ಮಡಿಯ ಹಿಂಭಾಗದಲ್ಲಿ, ಎರಡು ಪಕ್ಕದಲ್ಲಿ, ಆಡಿದ ಸಂಜೆ ಮತ್ತು ಮರುದಿನ.

ಮಗಳು ಹತ್ತಿರದ ಒಂದು ಕಡೆ ಎಕ್ಸ್‌ರೇ ತೆಗೆಸಿದಳು. ಚಿತ್ರ ತೆಗೆದವರು ಬೆಳಕಿಗೆ ಹಿಡಿದು ನೋಡಿ, "ಹಿಂದಿನ ತುಣುಕು ಬೇರೆಯಾಗಿದೆ, ಕ್ರ್ಯಾಕ್ ಇರಬಹುದು" ಎಂದುಬಿಟ್ಟರು. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಮರುದಿನ ಥಾಣೆಯಲ್ಲಿ ಮಕ್ಕಳ ಎಲುಬಿನ ಡಾಕ್ಟರರ ಬಳಿಗೆ ಓಡಿದೆವು. ಮಧ್ಯವಯಸ್ಸಿನ ಮರಾಠಿ ಹೆಂಗಸು. ಅವರು ಮೊದಲು ಎಕ್ಸ್‌ರೇ ನೋಡಲೇ ಇಲ್ಲ. ಹುಡುಗನ ಹಿಮ್ಮಡಿಯನ್ನು ಎರಡು ಪಕ್ಕದಿಂದ ಅಂಗೈಯ ಬುಡದಲ್ಲಿ ಒತ್ತಿದರು, ಲಿಂಬೆಹಣ್ಣು ಹಿಂಡಿದಂತೆ. ಅವನು ಕಾಲೆಳೆದುಕೊಂಡ. ಇನ್ನೊಂದು ಕಾಲನ್ನು ಒತ್ತಿದಾಗಲೂ ಸ್ವಲ್ಪ ಮುಖ ಕಿವುಚಿದ. ಊತವಿಲ್ಲ, ಕೆಂಪಾಗಿಲ್ಲ, ಬಿಸಿಯಿಲ್ಲ. ಮೊಣಕಾಲು ನೇರವಿಟ್ಟು ಪಾದವನ್ನು ಮೇಲಕ್ಕೆ ಬಾಗಿಸಿ ನೋಡಿದರು. ಮೀನಖಂಡ ಬಿಗಿದ ಹಗ್ಗದಂತಿತ್ತು. ಆಮೇಲೆ ಚೀಟಿಯಲ್ಲಿ ಎರಡು ಪದ ಬರೆದರು. ಮಗಳು ಅದನ್ನು ಓದಿ ಬಿಳಿಚಿಕೊಂಡಳು. "ಅಮ್ಮಾ, ಸಿವಿಯರ್ ಡಿಸೀಸ್ ಅಂತ ಬರೆದಿದ್ದಾರೆ!"

ನಾನು ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು. ಅದು ಇಷ್ಟು ವರ್ಷಗಳಲ್ಲಿ ಉಪಯೋಗಕ್ಕೆ ಬಂದದ್ದು ಆ ದಿನವೇ ಇರಬೇಕು. ಅಕ್ಷರ ನೋಡಿದರೆ ಅದು 'ಸಿವಿಯರ್' ಅಲ್ಲ, 'ಸೀವರ್ಸ್'. ಡಾಕ್ಟರರು ನಕ್ಕು, ಎಲ್ಲ ತಾಯಂದಿರೂ ಹೀಗೇ ಹೆದರುತ್ತಾರೆ ಎಂದರು. ಜೇಮ್ಸ್ ಸೀವರ್ ಎಂಬ ಅಮೆರಿಕದ ಎಲುಬಿನ ವೈದ್ಯ 1912ರಲ್ಲಿ ಇದನ್ನು ವಿವರಿಸಿ ಬರೆದನಂತೆ, ಅವನ ಹೆಸರು ಅಂಟಿಕೊಂಡಿದೆ. ನಿಜವಾಗಿ ಇದು ರೋಗವೇ ಅಲ್ಲ, ಬೆಳೆಯುವ ಎಲುಬಿಗೆ ಆದ ಕಿರಿಕಿರಿ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹತ್ತು ವರ್ಷದ ಮಗುವಿನ ಹಿಮ್ಮಡಿಯ ಎಲುಬು ಒಂದೇ ಗಟ್ಟಿಯಲ್ಲ. ದೊಡ್ಡ ಎಲುಬಿನ ಹಿಂದೆ, ಏಳೆಂಟು ವರ್ಷದ ಹೊತ್ತಿಗೆ, ಅರ್ಧಚಂದ್ರದಂಥ ಇನ್ನೊಂದು ತುಣುಕು ಮೂಡುತ್ತದೆ. ಎರಡರ ನಡುವೆ ಮೆದು ಎಲುಬಿನ ಒಂದು ತೆಳು ಪದರ, ಅದೇ ಬೆಳವಣಿಗೆಯ ತಟ್ಟೆ. ಎಲುಬು ಬೆಳೆಯುವುದು ಅಲ್ಲಿಂದ. ಹದಿನಾಲ್ಕು ಹದಿನೈದರ ಸುಮಾರಿಗೆ, ಹೆಣ್ಣುಮಕ್ಕಳಲ್ಲಿ ಕೊಂಚ ಮೊದಲೇ, ಪದರವೂ ಎಲುಬಾಗಿ ಎರಡೂ ಒಂದಾಗುತ್ತವೆ. ಅಲ್ಲಿಯವರೆಗೆ ಎಕ್ಸ್‌ರೇಯಲ್ಲಿ ಹಿಂದಿನ ತುಣುಕು ಬೇರೆಯಾಗಿಯೇ ಕಾಣಬೇಕು. ಅದು ತೀರ ಬೆಳ್ಳಗೆ, ಎರಡು ಮೂರು ಚೂರಾದಂತೆ ಕಂಡರೂ ನೋವೇ ಇಲ್ಲದ ಮಕ್ಕಳಲ್ಲೂ ಹಾಗೆಯೇ ಕಾಣುತ್ತದೆ. ನಮ್ಮ ನಿದ್ದೆ ಕೆಡಿಸಿದ 'ಕ್ರ್ಯಾಕ್' ಇದೇ! ಬೇರೆ ಏನಾದರೂ ಅನುಮಾನವಿದ್ದಾಗ ಮಾತ್ರ ಎಕ್ಸ್‌ರೇ ಬೇಕು, ಈ ನೋವನ್ನು ಗುರುತಿಸುವುದು ಕೈಯೇ ಎಂದರು.

ಆ ಹಿಂದಿನ ತುಣುಕಿಗೆ ಮೇಲಿನಿಂದ ಮೀನಖಂಡದ ದಪ್ಪ ನರ ಬಂದು ಅಂಟಿದೆ. ನಾವು ನರ ಎನ್ನುತ್ತೇವೆ, ನಿಜವಾಗಿ ಅದು ಸ್ನಾಯುವಿನ ತುದಿಯ ಹುರಿ, ಅಕಿಲಿಸ್ ಹೆಸರಿನದು. (ಗ್ರೀಕರ ಕಥೆಯಲ್ಲಿ ಅಕಿಲಿಸನಿಗೆ ಹಿಮ್ಮಡಿಯಲ್ಲಿ ಬಾಣ ನಾಟಿತು, ನಮ್ಮಲ್ಲಿ ಕೃಷ್ಣನಿಗೂ ಪಾದಕ್ಕೇ, ಪಾದದ ವಿಷಯದಲ್ಲಿ ಇಬ್ಬರೂ ದುರದೃಷ್ಟವಂತರು.) ಕೆಳಗಿನಿಂದ ಅಂಗಾಲಿನ ಪಟ್ಟಿ ಬಂದು ಸೇರುತ್ತದೆ. ಹುಡುಗ ಸರ್ರನೆ ಎತ್ತರ ಬೆಳೆಯುವಾಗ ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿದು ಬಿಗಿಯಾಗುತ್ತದೆ. ಓಡುವಾಗ, ಜಿಗಿಯುವಾಗ ಒಂದೊಂದು ಹೆಜ್ಜೆಗೂ ಆ ಬಿಗಿದ ಹುರಿ ಮೆದು ಪದರವನ್ನು ಜಗ್ಗುತ್ತದೆ, ಜೊತೆಗೆ ನೆಲದ ಹೊಡೆತ. ಒಂದು ಸಲಕ್ಕೆ ಏನೂ ಆಗದು. ಸಾವಿರಾರು ಸಲ, ದಿನವೂ ಆದರೆ ಕೆರಳುತ್ತದೆ.

ಹಾಗಾದರೆ ಸುಮ್ಮನೆ ವಿಶ್ರಾಂತಿ ಕೊಟ್ಟರೆ ಹೇಗೆ ಗುಣವಾಗುತ್ತದೆ? ನಮ್ಮ ಬಾಲ್ಕನಿಗಳಲ್ಲಿ ಬಟ್ಟೆ ಒಣಹಾಕಲು ಗೋಡೆಗೆ ಕೊಕ್ಕೆ ಕೂರಿಸುತ್ತೇವಲ್ಲ, ಸಿಮೆಂಟು ಹಸಿಯಿರುವಾಗಲೇ ಒದ್ದೆ ಚಾದರ ನೇತುಹಾಕಿದರೆ ಕೊಕ್ಕೆ ಅಲ್ಲಾಡುತ್ತದೆ. ಹಗ್ಗ ಬಿಚ್ಚಿ ನಾಲ್ಕು ದಿನ ಬಿಟ್ಟರೆ ತಾನೇ ಹಿಡಿದುಕೊಳ್ಳುತ್ತದೆ. ಇಲ್ಲಿಯೂ ಏನೂ ಮುರಿದಿಲ್ಲ. ಜಗ್ಗುವುದು ನಿಂತರೆ ಮಗುವಿನ ದೇಹ ಆ ಪದರವನ್ನು ಸರಿಪಡಿಸಿಕೊಳ್ಳುತ್ತದೆ. ಕೊನೆಗೆ ಪದರವೇ ಎಲುಬಾದ ಮೇಲೆ ಈ ನೋವು ಬರಲು ಜಾಗವೇ ಇರುವುದಿಲ್ಲ. ಕಾಲಿಗೆ ಶಾಶ್ವತ ಊನವೂ ಉಳಿಯುವುದಿಲ್ಲ.

ವಿಶ್ರಾಂತಿ ಎಂದರೆ ಮಂಚದಲ್ಲಿ ಮಲಗಿಸುವುದಲ್ಲ. ಓಟ, ಜಿಗಿತ, ಫುಟ್‌ಬಾಲ್ ಬಂದ್. ನಡೆಯಬಹುದು, ನೋಯದಿದ್ದರೆ ಸೈಕಲ್, ಈಜು ನಡೆಯುತ್ತದೆ. ಸಂಜೆ ತೆಳು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬೇಕು, ಬರಿಯ ಚರ್ಮಕ್ಕಲ್ಲ. ಬೂಟಿನೊಳಗೆ ಹಿಮ್ಮಡಿಯಡಿ ಸುಮಾರು ಒಂದು ಸೆಂಟಿಮೀಟರು ದಪ್ಪದ ಮೆತ್ತೆ. ಹಿಮ್ಮಡಿ ಎತ್ತರವಾದಷ್ಟೂ ಹುರಿಯ ಎಳೆತ ಕಡಿಮೆ. ಒಂದೇ ಕಾಲು ನೋಯುತ್ತಿದ್ದರೂ ಎರಡೂ ಬೂಟಿಗೆ ಹಾಕಬೇಕು, ಇಲ್ಲದಿದ್ದರೆ ಸೊಂಟ ವಾಲುತ್ತದೆ. ಮನೆಯೊಳಗೂ ಮೆತ್ತಗಿನ ಚಪ್ಪಲಿ ಹಾಕಲಿ, ಟೈಲ್ಸ್ ನೆಲ ಕಲ್ಲಿನಂತೆ ಎಂದರು. ಇದೊಂದು ನನಗೆ ಕಷ್ಟವಾಯಿತು. ದೇವರ ಗೂಡಿರುವ ಮನೆಯೊಳಗೆ ಚಪ್ಪಲಿ! ಕೊನೆಗೆ ಹೊಸ ಜೋಡಿ ತಂದು, ಅದು ಹೊಸ್ತಿಲು ದಾಟಿ ಹೊರಗೆ ಹೋಗಬಾರದೆಂಬ ಒಪ್ಪಂದಕ್ಕೆ ಬಂದೆವು.

ಹದಿನೈದು ದಿನದಲ್ಲಿ ನೋವು ಮಾಯವಾಯಿತು, ನಾವು ಎಡವಿದ್ದೂ ಅಲ್ಲಿಯೇ. ನೋವಿಲ್ಲವಲ್ಲ ಎಂದು ಶನಿವಾರ ಪೂರ್ತಿ ಪಂದ್ಯವಾಡಿ ಬಂದ. ಭಾನುವಾರ ಮತ್ತೆ ಮೆಟ್ಟಿಲ ಮೇಲೆ ಮುಂಗಾಲು. ಡಾಕ್ಟರರು ಬೈಯಲಿಲ್ಲ. "ಆಜಿ, ನೋವು ಹೋದದ್ದು ಅರ್ಧ ದಾರಿ ಅಷ್ಟೇ" ಎಂದು ಮತ್ತೆ ನಾಲ್ಕು ವಾರ ಹೇಳಿದರು. ಈ ಸಲ ಅಳತೆ ಇತ್ತು. ಹಿಮ್ಮಡಿ ಹಿಂಡಿದರೆ ನೋಯಬಾರದು, ಒಂಟಿ ಕಾಲಿನಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋಯಬಾರದು. ತೀವ್ರ ನೋವು ಇಳಿದ ಮೇಲೆ ದಿನವೂ ಗೋಡೆಗೆ ಕೈಕೊಟ್ಟು, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮೀನಖಂಡವನ್ನು ಎಳೆದು ಮೂವತ್ತು ಎಣಿಸುವುದು, ಮೂರು ಸಲ. ಜಗ್ಗಾಡಬಾರದು, ನೋವು ಬಂದರೆ ನಿಲ್ಲಿಸಬೇಕು. ಆಗಸ್ಟ್ ಮಧ್ಯದಲ್ಲಿ ಇಪ್ಪತ್ತು ನಿಮಿಷದಿಂದ ಆಟ ಶುರು, ದಿನ ಬಿಟ್ಟು ದಿನ. ಮರುದಿನ ಬೆಳಿಗ್ಗೆ ಕುಂಟಿದರೆ ಹಿಂದಿನ ಹಂತಕ್ಕೆ. ಗುಬ್ಬಿಯ ಬೂಟಿನ ಬದಲು ಮೆತ್ತಗಿನ ಅಡಿಯದು. ಗಣೇಶ ಚೌತಿ ಕಳೆದ ಮೇಲೆ ಪೂರ್ತಿ ಆಡಿದ.

ಎಲ್ಲ ಹಿಮ್ಮಡಿ ನೋವೂ ಇದೇ ಎಂದು ಮಾತ್ರ ಕೂರಬೇಡಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಆಡದೆ ಕೂತಾಗಲೂ ಬಿಡದ ನೋವು, ಜ್ವರ, ಊತ, ಕೆಂಪು, ಬಿದ್ದ ಮೇಲೆ ಕಾಲೂರಲಾಗದ ಸ್ಥಿತಿ, ಬೆಳಿಗ್ಗೆ ಬಹಳ ಹೊತ್ತು ಬೇರೆ ಕೀಲುಗಳೂ ಬಿಗಿಯುವುದು, ಇವು ಸೀವರನ ಲಕ್ಷಣಗಳಲ್ಲ. ಆ ಮಗುವನ್ನು ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಕೆಲವು ವಾರ ನಿಜವಾಗಿ ವಿಶ್ರಾಂತಿ ಕೊಟ್ಟರೂ ಇಳಿಯದಿದ್ದರೆ ಮತ್ತೊಮ್ಮೆ ತೋರಿಸಬೇಕು. ಇದಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸುವುದಂತೂ ಬೇಡವೇ ಬೇಡ ಎಂದು ಡಾಕ್ಟರರು ಕೇಳದೆಯೇ ಹೇಳಿದ್ದರು.

ಪದರ ಒಂದಾಗುವವರೆಗೆ ನೋವು ಮರಳಬಹುದೆಂದೂ ಹೇಳಿದ್ದರು. ಈ ವರ್ಷ ಶಾಲೆ ಶುರುವಾದಾಗ ಹಾಗೆಯೇ ಆಯಿತು. ಒಂದು ಸೋಮವಾರ ಅವನು ಮೆಟ್ಟಿಲ ಬಳಿ ನಿಂತು ನನ್ನ ಮುಖ ನೋಡಿದ. ನಾನು ಕೆಳಗೆ ಕೂತು ಹಿಮ್ಮಡಿಯನ್ನು ಎರಡು ಪಕ್ಕದಿಂದ ಮೆಲ್ಲಗೆ ಒತ್ತಿದೆ. "ಸ್ವಲ್ಪ" ಎಂದ. ಆ ವಾರ ಆಟ ಬಂದ್ ಆಯಿತು, ಮೆತ್ತೆ ಮತ್ತೆ ಬೂಟು ಸೇರಿತು. ಹತ್ತು ದಿನದಲ್ಲಿ ಸರಿಹೋಯಿತು. ಹಳೆಯ ಮನೆಚಪ್ಪಲಿ ಅಷ್ಟರಲ್ಲಿ ಚಿಕ್ಕದಾಗಿತ್ತು, ಹೊಸತು ತಂದೆವು.