ಸಾರಿನ ಪಾತ್ರೆಯಲ್ಲಿ ಬೇಳೆ ಎಷ್ಟು?

ನಮ್ಮ ಮನೆಯವರೆಲ್ಲ ನಾಲ್ಕು ಊರುಗಳಲ್ಲಿ ಹಂಚಿಹೋಗಿದ್ದೇವೆ. ನಾನು ಹಾಸನದಲ್ಲಿ, ಅವ್ವ ಹೊಳೆನರಸೀಪುರದಲ್ಲಿ, ಅಕ್ಕ ಅರಕಲಗೂಡಿನಲ್ಲಿ, ಚಿಕ್ಕಮ್ಮ ಚನ್ನರಾಯಪಟ್ಟಣದಲ್ಲಿ. ಒಂದೂವರೆ ಗಂಟೆಯ ಬಸ್ಸಿನೊಳಗೆ ಎಲ್ಲರನ್ನೂ ಮುಟ್ಟಬಹುದು. ಆದರೂ ನಾಲ್ಕು ಅಡುಗೆಮನೆಗಳ ಸಾಂಬಾರು ಒಂದೇ ಅಲ್ಲ. ಅಕ್ಕನದರಲ್ಲಿ ಆಲೂಗಡ್ಡೆ ಜಾಸ್ತಿ, ಚಿಕ್ಕಮ್ಮನದರಲ್ಲಿ ತೆಂಗಿನಕಾಯಿ ಜಾಸ್ತಿ, ಅವ್ವನದು ತೆಳ್ಳಗೆ, ನನ್ನದು ಆ ದಿನ ಫ್ರಿಜ್ಜಿನಲ್ಲಿ ಏನು ಉಳಿದಿದೆಯೋ ಅದು.

ಅವ್ವನಿಗೆ ಸೊಂಟದ ಮೂಳೆಯ ಆಪರೇಷನ್ ಆದಮೇಲೆ ಡಾಕ್ಟರು ದಿನಕ್ಕೆ ಐವತ್ತು ಗ್ರಾಂ ಪ್ರೋಟೀನ್ ಹೋಗಬೇಕು ಅಂದರು. ಅವ್ವ ಮೊಟ್ಟೆ, ಮಾಂಸ ಮುಟ್ಟುವವಳಲ್ಲ. "ದಿನಾ ಎರಡು ಹೊತ್ತು ಬೇಳೆ ಸಾರು ಉಣ್ತೀನಲ್ಲ, ಇನ್ನೇನು ಬೇಕು?" ಅಂದಳು. ಅದು ನ್ಯಾಯವಾದ ಪ್ರಶ್ನೆಯೇ. ಅವಳ ತಟ್ಟೆಗೆ ಬೀಳುವ ಎರಡು ಸೌಟು ಸಾರಿನಲ್ಲಿ ಎಷ್ಟು ಪ್ರೋಟೀನ್ ಇದೆ ಅನ್ನುವುದು ಗೊತ್ತಾಗದೆ ಉತ್ತರ ಕೊಡುವ ಹಾಗಿರಲಿಲ್ಲ.

ಹುಡುಕಿದರೆ 'ಒಂದು ಕಪ್ ಸಾಂಬಾರಿಗೆ ಇಷ್ಟು' ಅಂತ ಬೇಕಾದಷ್ಟು ಅಂಕಿಗಳು ಸಿಗುತ್ತವೆ. ಅವು ಯಾರದೋ ಮನೆಯ ಸಾಂಬಾರಿನವು. ಎಷ್ಟು ಬೇಳೆಗೆ ಎಷ್ಟು ನೀರು ಹಾಕಿದರು ಅನ್ನುವುದು ತಿಳಿಯದೆ ಆ ಅಂಕಿ ನಮ್ಮ ಪಾತ್ರೆಗೆ ಹೊಂದುವುದಿಲ್ಲ. ಆದರೆ ಹಸಿ ಸಾಮಾನಿನ ಅಂಕಿಗಳು ನಂಬಿಕೆಗೆ ಅರ್ಹ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರ ಪದಾರ್ಥಗಳ ಪಟ್ಟಿಯನ್ನು ಹೊಸದಾಗಿ ಹೊರತಂದಿತು. ಅದರ ಪ್ರಕಾರ ನೂರು ಗ್ರಾಂ ತೊಗರಿಬೇಳೆಯಲ್ಲಿ 21.7 ಗ್ರಾಂ ಪ್ರೋಟೀನ್ ಇದೆ. ಗೋಪಾಲನ್ ಅವರ ಹಳೆಯ ಪುಸ್ತಕದಲ್ಲಿ ಇದು 22.3. ಇನ್ನೂರು ಗ್ರಾಂ ಬೇಳೆಗೆ ಈ ಎರಡರ ನಡುವಿನ ವ್ಯತ್ಯಾಸ ಒಂದು ಗ್ರಾಂ ಚಿಲ್ಲರೆ ಅಷ್ಟೇ. ಸೌಟು ತುಂಬುವುದರಲ್ಲಿ ಆಗುವ ಹೆಚ್ಚುಕಮ್ಮಿ ಅದಕ್ಕಿಂತ ದೊಡ್ಡದು.

ಒಂದು ಭಾನುವಾರ ಅವ್ವನ ಮನೆಗೆ ಅಡುಗೆಮನೆಯ ತಕ್ಕಡಿ ತೆಗೆದುಕೊಂಡು ಹೋದೆ. "ತೂಗಿ ಅಡುಗೆ ಮಾಡೋದು ಹೋಟ್ಲೋರ ಕೆಲಸ ಕಣಮ್ಮ" ಅಂತ ನಗುತ್ತಲೇ ಅವ್ವ ಪಾವಿನಲ್ಲಿ ಬೇಳೆ ಅಳೆದು ಕೊಟ್ಟಳು. ಅವಳ ಪಾವಿಗೆ ಬೆರಳಲ್ಲಿ ಸವರಿ ಮಟ್ಟ ಮಾಡಿದರೆ ಇನ್ನೂರು ಗ್ರಾಂ ತೂಗಿತು. ಎಲ್ಲರ ಮನೆಯ ಪಾವೂ ಹೀಗೇ ಇರಬೇಕೆಂದಿಲ್ಲ. ನಿಮ್ಮದನ್ನು ಒಮ್ಮೆ ತೂಗಿ ಇಟ್ಟುಕೊಂಡರೆ ಆಮೇಲೆ ದಿನಾ ತಕ್ಕಡಿ ಬೇಕಾಗುವುದಿಲ್ಲ.

ತರಕಾರಿಯನ್ನು ಸಿಪ್ಪೆ ತೊಟ್ಟು ತೆಗೆದು, ಹೆಚ್ಚಿದ ಮೇಲೆ ತೂಗಿದೆ. ಪಟ್ಟಿಯ ಅಂಕಿಗಳು ತಿನ್ನುವ ಭಾಗಕ್ಕೆ ಮಾತ್ರ. ಆ ದಿನ ಇದ್ದದ್ದು ಆಲೂಗಡ್ಡೆ 200 ಗ್ರಾಂ, ಹುರುಳಿಕಾಯಿ 150, ಟೊಮೇಟೊ 150, ಕ್ಯಾರೆಟ್, ಬದನೆಕಾಯಿ, ಈರುಳ್ಳಿ ತಲಾ ನೂರು. ಒಟ್ಟು ಎಂಟುನೂರು ಗ್ರಾಂ. ಜೊತೆಗೆ ಐವತ್ತು ಗ್ರಾಂ ತೆಂಗಿನ ತುರಿ, ಇಪ್ಪತ್ತು ಗ್ರಾಂ ಸಾರಿನ ಪುಡಿ.

ಲೆಕ್ಕ ಸುಲಭ. ಪ್ರತಿಯೊಂದರ ಹಸಿ ತೂಕವನ್ನು ಅದರ ನೂರು ಗ್ರಾಮಿನ ಅಂಕಿಯಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಬೇಳೆಯಿಂದ 43.4 ಗ್ರಾಂ ಪ್ರೋಟೀನ್ ಬಂತು. ಆರು ತರಕಾರಿಯನ್ನೂ ಕೂಡಿಸಿದರೆ ಸುಮಾರು ಹನ್ನೆರಡು. ತೆಂಗಿನ ತುರಿಯಿಂದ ಎರಡು, ಸಾರಿನ ಪುಡಿಯಲ್ಲಿರುವ ಧನಿಯ, ಮೆಣಸಿನಕಾಯಿಗಳಿಂದ ಎರಡು ಚಿಲ್ಲರೆ. ಹುಣಸೆಹಣ್ಣು, ಒಗ್ಗರಣೆಯನ್ನು ಬಿಟ್ಟುಬಿಡಬಹುದು. ಒಟ್ಟು ಸುಮಾರು ಅರವತ್ತು ಗ್ರಾಂ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಂಟುನೂರು ಗ್ರಾಂ ತರಕಾರಿ ಹೆಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಸೇರಿ ಕೊಟ್ಟದ್ದು ಒಂದು ಪಾವು ಬೇಳೆ ಕೊಟ್ಟದ್ದರ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅರಕಲಗೂಡಿನ ಅಕ್ಕ ಆಲೂಗಡ್ಡೆ ಕೀಳುವ ಕಾಲದಲ್ಲಿ ಅರ್ಧ ಕೆಜಿ ಹಾಕುತ್ತಾಳೆ. ಸಾರು ಮಂದವಾಗಿ, ಹೊಟ್ಟೆ ತುಂಬುವ ಹಾಗೆ ಇರುತ್ತದೆ. ಆದರೆ ಅರ್ಧ ಕೆಜಿ ಆಲೂಗಡ್ಡೆಯಲ್ಲಿರುವ ಪ್ರೋಟೀನ್ ಮೂವತ್ತು ಗ್ರಾಂ ಬೇಳೆಯಲ್ಲಿ, ಅಂದರೆ ಒಂದು ಸಣ್ಣ ಹಿಡಿಯಲ್ಲಿ ಬಂದುಬಿಡುತ್ತದೆ. ಮಂದವಾದ ಸಾರೆಲ್ಲ ಬೇಳೆಯ ಸಾರಲ್ಲ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ಬಹಳ ತರಕಾರಿ ಬೆರೆತಾಗ ಲೆಕ್ಕವೇ ಸಾಧ್ಯವಿಲ್ಲ ಅಂತ ಜನ ಕೈಬಿಡುವುದೂ ಇದರಿಂದಲೇ ಸುಳ್ಳಾಗುತ್ತದೆ. ಬದನೆಕಾಯಿ ನೂರೋ ನೂರೈವತ್ತೋ ಅನ್ನುವುದು ಒಟ್ಟು ಮೊತ್ತವನ್ನು ಒಂದು ಗ್ರಾಮಿನಷ್ಟೂ ಅಲುಗಿಸುವುದಿಲ್ಲ. ಅವಸರವಿದ್ದರೆ ಎಲ್ಲ ತರಕಾರಿಗೂ ನೂರಕ್ಕೆ ಒಂದೂವರೆ ಗ್ರಾಂ ಅಂತ ಹಿಡಿದರೆ ಸಾಕು. ಜಾಗರೂಕತೆಯಿಂದ ತೂಗಬೇಕಾದದ್ದು ಬೇಳೆ, ಕಾಳು ಮಾತ್ರ. ಅದೂ ತೊಳೆಯುವ ಮೊದಲು, ಒಣಗಿರುವಾಗ. ಬೆಂದ ಬೇಳೆ ನೀರು ಕುಡಿದು ಮೂರು ಪಟ್ಟು ತೂಗುತ್ತದೆ. ಆ ಆರುನೂರು ಗ್ರಾಮಿಗೆ ಒಣಬೇಳೆಯ ಅಂಕಿ ಹಾಕಿದರೆ ಪಾತ್ರೆಯಲ್ಲಿ 130 ಗ್ರಾಂ ಪ್ರೋಟೀನ್ ಬೇಳೆಯಿಂದಲೇ ಬಂತು ಅನ್ನುವ ಉತ್ತರ ಬರುತ್ತದೆ. ಮನೆಗೆ ಬಂದ ಬೇಳೆಯೇ ಇನ್ನೂರು ಗ್ರಾಂ. ಅದರ ಐದನೇ ಒಂದು ಪಾಲಿಗಿಂತ ತೀರ ಹೆಚ್ಚಿನ ಉತ್ತರ ಬಂದರೆ ಎಲ್ಲೋ ನೀರನ್ನೂ ಬೇಳೆ ಅಂತ ಎಣಿಸಿದ್ದೇವೆ ಎಂದರ್ಥ. ಅವರೆಕಾಯಿ ಕಾಲದಲ್ಲೂ ಇದೇ ಎಚ್ಚರ ಬೇಕು. ಹಸಿ ಅವರೆಕಾಳಿಗೂ ಒಣ ಅವರೆಕಾಳಿಗೂ ಹೆಸರು ಒಂದೇ, ಒಳಗಿನ ನೀರು ಬೇರೆ. ಪಟ್ಟಿಯಲ್ಲಿ ಅವುಗಳ ಸಾಲೂ ಬೇರೆ.

ಇನ್ನು ಬಡಿಸುವ ಲೆಕ್ಕ. ಖಾಲಿ ಪಾತ್ರೆಯನ್ನು ಮೊದಲೇ ತೂಗಿದ್ದೆ, 950 ಗ್ರಾಂ. ಸಾರು ಇಳಿಸಿದ ಮೇಲೆ 3,350. ಅಂದರೆ ಸಾರು 2,400 ಗ್ರಾಂ. ಅರವತ್ತನ್ನು ಇದರಲ್ಲಿ ಹಂಚಿದರೆ ನೂರು ಗ್ರಾಂ ಸಾರಿಗೆ ಎರಡೂವರೆ ಗ್ರಾಂ ಪ್ರೋಟೀನ್. ಅವ್ವನ ಸೌಟಿಗೆ 120 ಗ್ರಾಂ ಹಿಡಿಯುತ್ತದೆ, ಅಂದರೆ ಸೌಟಿಗೆ ಮೂರು ಗ್ರಾಂ. ಎರಡು ಸೌಟಿಗೆ ಆರು.

"ಆರೇನಾ?" ಅಂದಳು ಅವ್ವ.

ಆರೇ. ಅವಳು ಉಣ್ಣುವ ಮುದ್ದೆಗೆ ಎಪ್ಪತ್ತೈದು ಗ್ರಾಂ ರಾಗಿಹಿಟ್ಟು ಹಿಡಿಯುತ್ತದೆ. ಅದರಲ್ಲೇ ಐದು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇದೆ. ಸಾರಿಗೆ ಹೆಚ್ಚು ಕಡಿಮೆ ಸಮ. ಎರಡೂ ಸೇರುವುದರಲ್ಲಿ ಇನ್ನೊಂದು ಲಾಭವಿದೆ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಅನ್ನು ರಾಗಿ ತುಂಬುತ್ತದೆ. ರಾಗಿ ಹೊಲದಲ್ಲಿ ತೊಗರಿ, ಅವರೆಯನ್ನು ಅಕ್ಕಡಿಯಾಗಿ ಬಿತ್ತುವ ಸೀಮೆಯಲ್ಲಿ ಅವೆರಡು ತಟ್ಟೆಯಲ್ಲೂ ಜೊತೆಯಾಗಿಯೇ ಬರುತ್ತವೆ. ಆದರೂ ಒಂದು ಹೊತ್ತಿಗೆ ಹನ್ನೊಂದು ಗ್ರಾಂ, ಎರಡು ಹೊತ್ತಿಗೆ ಇಪ್ಪತ್ತೆರಡು, ಇಪ್ಪತ್ಮೂರು. ಐವತ್ತಕ್ಕೆ ಅರ್ಧವೂ ಆಗಲಿಲ್ಲ.

ಈ ಲೆಕ್ಕ ಪಾತ್ರೆಯನ್ನು ಚೆನ್ನಾಗಿ ತಿರುವಿ ಬಡಿಸಿದರೆ ಮಾತ್ರ ನಿಜ. ಬೇಳೆ ಕೆಳಗೆ ಕೂರುತ್ತದೆ. ಅದನ್ನು ನೋಡಲು ತಿರುವದೆ ಮೇಲಿನಿಂದ ಒಂದು ಗಾಜಿನ ಲೋಟ, ತಿರುವಿ ಇನ್ನೊಂದು ಲೋಟ ತುಂಬಿಸಿ ಅರ್ಧ ಗಂಟೆ ಬಿಟ್ಟೆ. ತಿರುವಿದ ಲೋಟದಲ್ಲಿ ಅರ್ಧದಷ್ಟು ಎತ್ತರಕ್ಕೆ ಬೇಳೆ ಕೂತಿತ್ತು. ಇನ್ನೊಂದರಲ್ಲಿ ತಳದಲ್ಲಿ ಎರಡು ಬೆರಳಷ್ಟು. ಅವ್ವನಿಗೆ ತಿಳಿ ಇಷ್ಟ, ಯಾವಾಗಲೂ ಮೇಲಿನಿಂದಲೇ ಹಾಕಿಕೊಳ್ಳುತ್ತಾಳೆ. ಹಾಗಾದರೆ ಆರು ಗ್ರಾಮೂ ಅವಳಿಗೆ ಸಿಗುತ್ತಿಲ್ಲ.

ಬಸ್ಸಾರಿನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಬೇಳೆ, ಸೊಪ್ಪು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುತ್ತೇವೆ, ಉಳಿದದ್ದು ಪಲ್ಯ. ಹಸಿ ಸಾಮಾನಿನ ಮೊತ್ತ ಇಲ್ಲಿ ಸಾರು ಪಲ್ಯ ಎರಡಕ್ಕೂ ಸೇರಿದ್ದು. ಕಟ್ಟಿಗೆ ಎಷ್ಟು ಹೋಯಿತು, ಪಲ್ಯದಲ್ಲಿ ಎಷ್ಟು ಉಳಿಯಿತು ಅಂತ ತಕ್ಕಡಿ ಹೇಳಲಾರದು. ಮಸಾಲೆ ಜೊತೆ ರುಬ್ಬಲು ತೆಗೆದುಕೊಂಡ ಬೇಳೆಯ ಪಾಲನ್ನು ಸಾರಿಗೆ, ಉಳಿದದ್ದನ್ನು ಪಲ್ಯಕ್ಕೆ ಹಾಕಿ ಅಂದಾಜು ಮಾಡಬಹುದು, ಅಷ್ಟೇ. ಬಸ್ಸಾರು ಉಂಡು ಪಲ್ಯ ಬಿಟ್ಟವರು ಬೇಳೆಯನ್ನೇ ಬಿಟ್ಟ ಹಾಗೆ.

ಇನ್ನೊಂದು ನೀರಿನ ವಿಷಯ. ಸಾರು ಮರುದಿನ ಕುದಿಸಿ ಬತ್ತಿದರೆ ಸೌಟಿಗೆ ಪ್ರೋಟೀನ್ ಹೆಚ್ಚುತ್ತದೆ, ನೀರು ಹೊಯ್ದರೆ ಕಡಿಮೆಯಾಗುತ್ತದೆ. ಪಾತ್ರೆಯ ಮೊತ್ತ ಮಾತ್ರ ಬದಲಾಗುವುದಿಲ್ಲ. ಹೊತ್ತಿಗೆ ಯಾರಾದರೂ ಬಂದರೆ ಉಳಿದ ಸಾರಿಗೆ ಒಂದು ಚೊಂಬು ನೀರು, ಚಿಟಿಕೆ ಉಪ್ಪು ಬೀಳುವುದು ನಮ್ಮ ಮನೆಗಳಲ್ಲಿ ಮಾಮೂಲು. ಒಂದು ಕೆಜಿ ಸಾರು ಉಳಿದಿದ್ದಾಗ ಅರ್ಧ ಲೀಟರು ನೀರು ಬಿದ್ದರೆ ಸೌಟಿನ ಮೂರು ಗ್ರಾಂ ಎರಡಾಗುತ್ತದೆ. ಆ ನೀರು ಬಿದ್ದ ಮೇಲೆ ಉಣ್ಣುವವರು ಯಾರು ಅಂತ ಯೋಚಿಸಿದರೆ ನಾಲ್ಕೂ ಅಡುಗೆಮನೆಗಳಲ್ಲಿ ಉತ್ತರ ಒಂದೇ. ಬಡಿಸಿದವಳು. ಮನೆಯವರೆಲ್ಲ ಒಂದೇ ಪಾತ್ರೆಯ ಸಾರು ಉಂಡರು ಅನ್ನುವುದರಿಂದ ಎಲ್ಲರಿಗೂ ಒಂದೇ ಪಾಲು ಸಿಕ್ಕಿತು ಅಂತ ಹೇಳುವ ಹಾಗಿಲ್ಲ.

ಪರಿಹಾರಕ್ಕೆ ಮೊದಲು ಹೊಳೆದದ್ದು ಬೇಳೆ ಹೆಚ್ಚಿಸುವುದು. ನೂರು ಗ್ರಾಂ ಹೆಚ್ಚಿಗೆ ಹಾಕಿ ಮಾಡಿದೆವು. ಎರಡು ಸೌಟಿನ ಆರು ಗ್ರಾಂ ಎಂಟರ ಹತ್ತಿರ ಬಂತು. ಆದರೆ ಸಾರು ತೊವ್ವೆಯಂತಾಗಿ, ಅವ್ವ ಒಂದೇ ಸೌಟು ಹಾಕಿಕೊಂಡಳು. ಲಾಭ ಅಲ್ಲಿಗೇ ಹೋಯಿತು. ಸಾರು ಅಂದರೆ ಬಹುಪಾಲು ನೀರು. ಮುದ್ದೆ ನುಂಗಲು ಆ ನೀರು ಬೇಕು. ಪ್ರೋಟೀನ್ ಹೊರುವ ಕೆಲಸ ಪೂರ್ತಿ ಅದರ ಮೇಲೆ ಹಾಕಿದರೆ ಅದು ಸಾರಾಗಿ ಉಳಿಯುವುದಿಲ್ಲ.

ದಾರಿ ತೋರಿಸಿದ್ದು ಚಿಕ್ಕಮ್ಮ. "ಸಾರನ್ನ ಅದರ ಪಾಡಿಗೆ ಬಿಡ್ರೇ, ಪಕ್ಕದಲ್ಲಿ ಕಾಳು ಇಡಿ" ಅಂದರು. ಮೂವತ್ತು ಗ್ರಾಂ ಒಣ ಹುರುಳಿಕಾಳನ್ನು ಮೊಳಕೆ ಕಟ್ಟಿ ಮೆತ್ತಗೆ ಬೇಯಿಸಿ ಪಲ್ಯ ಮಾಡಿದರೆ ಒಂದು ಸಣ್ಣ ಬಟ್ಟಲಾಗುತ್ತದೆ. ಅದರಲ್ಲಿ ಆರೂವರೆ ಗ್ರಾಂ, ಎರಡು ಸೌಟು ಸಾರಿಗಿಂತ ಹೆಚ್ಚು. ಎರಡು ಹೊತ್ತಿಗೆ ಹದಿಮೂರು. ಬೆಳಗಿನ ತಿಂಡಿ, ಎರಡು ಲೋಟ ಹಾಲು ಸೇರಿಸಿದರೆ ಐವತ್ತರ ಆಸುಪಾಸಿಗೆ ಬರುತ್ತದೆ.

ಈಗ ಅವ್ವನ ಅಡುಗೆಮನೆಯ ಗೋಡೆಯಲ್ಲಿ ಸೀಸದಕಡ್ಡಿಯಲ್ಲಿ ಬರೆದ ಮೂರು ಸಾಲು ಇವೆ. ಪಾವು ಬೇಳೆಗೆ 43. ತರಕಾರಿ ಏನೇ ಇರಲಿ, 12. ತಿರುವಿ ಬಡಿಸು, ಸೌಟಿಗೆ 3. ಅವಳ ಪಾಲಿನ ಸಾರನ್ನು ಒಲೆಯಿಂದ ಇಳಿಸಿದ ಕೂಡಲೇ ತಿರುವಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಡುತ್ತೇವೆ. ಆಮೇಲೆ ಯಾರು ಬಂದು ಎಷ್ಟು ನೀರು ಬಿದ್ದರೂ ಆ ಡಬ್ಬಿಗೆ ಬೀಳುವುದಿಲ್ಲ.