ಗುದ್ದಿದ ಕಾರು, ಸರ್ವೇಯರ್ ಮತ್ತು ನಮ್ಮ ಕೈಯಿಂದ ಹೋದ 12,600 ರೂಪಾಯಿ

ನಮ್ಮ ಕಡೆ ಗಾಡಿಗೆ ಇನ್ಶೂರೆನ್ಸ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಯಾವುದು ಅಂತ ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ಪಾಲಿಸಿಯಲ್ಲಿ ಎರಡು ಭಾಗ ಇರುತ್ತದೆ. ಒಂದು ಥರ್ಡ್ ಪಾರ್ಟಿ. ಅದು ಕಾನೂನಿನ ಪ್ರಕಾರ ಕಡ್ಡಾಯ. ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಅದು ಕೊಡುತ್ತದೆ, ನಮ್ಮ ಗಾಡಿ ನುಜ್ಜುಗುಜ್ಜಾದರೂ ಒಂದು ರೂಪಾಯಿ ಕೊಡುವುದಿಲ್ಲ. ಇನ್ನೊಂದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಯ ರಿಪೇರಿಗೆ ಸಿಗುವ ದುಡ್ಡು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಆದರೆ ಶೋರೂಮಿನಲ್ಲಿ ಕೊಡುವ ಓನ್ ಡ್ಯಾಮೇಜ್ ಹೆಚ್ಚಾಗಿ ಒಂದೇ ವರ್ಷದ್ದು. ಕಾಗದದ ಮೇಲೆ ದೊಡ್ಡದಾಗಿ ಕಾಣುವ ತಾರೀಖನ್ನು ನೋಡಿಕೊಂಡು ಎರಡನೇ ವರ್ಷ ಸುಮ್ಮನಿದ್ದವರು ನಮ್ಮೂರಲ್ಲೇ ಇದ್ದಾರೆ. ನಿಮ್ಮ ಪಾಲಿಸಿಯಲ್ಲಿ ಎರಡೂ ತಾರೀಖು ಬೇರೆ ಬೇರೆ ಇರುತ್ತವೆ, ಈಗಲೇ ತೆಗೆದು ನೋಡಿ.

ನಮ್ಮ ಮನೆಯ ಕಾರಿಗೆ ಎರಡೂ ಚಾಲ್ತಿಯಲ್ಲಿದ್ದವು. ಕಾರಿಗೆ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಚಿಕ್ಕಪ್ಪ ತಿಪಟೂರಿನಿಂದ ಕೊಬ್ಬರಿ ಲೆಕ್ಕ ಮುಗಿಸಿಕೊಂಡು ಸಂಜೆಗತ್ತಲಲ್ಲಿ ಬರುತ್ತಿದ್ದರು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದೆ ದೀಪವೂ ಇರಲಿಲ್ಲ, ಕೆಂಪು ಸ್ಟಿಕ್ಕರೂ ಇರಲಿಲ್ಲ. ಬ್ರೇಕ್ ಹಾಕಿದರೂ ಎಡಗಡೆ ಮೂಲೆ ಹೋಗಿ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ.

ಹತ್ತು ನಿಮಿಷದಲ್ಲಿ ಜನ ಸೇರಿದರು. ಇಂಥ ಕಡೆ ಮೊದಲು ಶುರುವಾಗುವುದು ರಾಜಿ ಪಂಚಾಯ್ತಿ. ಟ್ರ್ಯಾಕ್ಟರಿನ ಯಜಮಾನರು, 'ಮೂರು ಸಾವಿರ ಇಟ್ಕಳಿ ಅಣ್ಣ, ಯಾರ ಮೇಲೂ ದೂರಿಲ್ಲ ಅಂತ ಒಂದು ಚೀಟಿ ಬರಕೊಟ್ಟುಬಿಡಿ' ಅಂದರು. ಚಿಕ್ಕಪ್ಪ, 'ದುಡ್ಡೂ ಬೇಡ, ಚೀಟಿನೂ ಬೇಡ ಕಣಪ್ಪ, ನಿನ್ ಗಾಡಿ ನಂಬರ್ ಒಂದು ಬರಕೊಳ್ತೀನಿ' ಅಂದರಂತೆ. ಅದು ಸರಿಯಾದ ಕೆಲಸ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳುವುದು, ದುಡ್ಡಿನ ಮಾತು ಕೊಡುವುದು ಮಾಡಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ. ಎದುರಿನವರ ಮೇಲೆ ದೂರಿಲ್ಲ ಅಂತ ಬರೆದುಕೊಟ್ಟರೆ, ಆಮೇಲೆ ಅವರಿಂದ ವಸೂಲು ಮಾಡುವ ಕಂಪನಿಯ ದಾರಿಯನ್ನೂ ನಾವೇ ಮುಚ್ಚಿದಂತಾಗುತ್ತದೆ. ಇನ್ನೊಂದು ಮಾತು: ಓನ್ ಡ್ಯಾಮೇಜ್ ಕ್ಲೇಮಿಗೆ ತಪ್ಪು ಯಾರದ್ದು ಅನ್ನುವುದು ಮುಖ್ಯವಲ್ಲ. ಹಿಂದಿನಿಂದ ಗುದ್ದಿದ್ದು ನಾವೇ ಆದರೂ ಸಿಗುತ್ತದೆ. ಕುಡಿದು ಓಡಿಸಿದ್ದರೆ, ಲೈಸೆನ್ಸ್ ಇಲ್ಲದಿದ್ದರೆ ಮಾತ್ರ ಕಷ್ಟ.

ಯಾರಿಗಾದರೂ ಪೆಟ್ಟಾಗಿದ್ದರೆ ಕಥೆಯೇ ಬೇರೆ. ಆಗ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಠಾಣೆ. 24 ಗಂಟೆಯೊಳಗೆ ಠಾಣೆಗೆ ತಿಳಿಸಲೇಬೇಕು.

ನಾವು ಅಲ್ಲಿಗೆ ಹೋಗುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಎರಡು ಬೈಕಿನ ಹೆಡ್‌ಲೈಟ್ ಹಿಡಿಸಿ ಫೋಟೋ ತೆಗೆದೆವು. ಮೊದಲು ದೂರದಿಂದ, ಕಾರು, ಟ್ರೇಲರ್, ರಸ್ತೆ ಮೂರೂ ಒಂದೇ ಫೋಟೋದಲ್ಲಿ ಬರುವ ಹಾಗೆ. ಆಮೇಲೆ ನಂಬರ್ ಪ್ಲೇಟ್ ಕಾಣುವ ಹಾಗೆ. ಆಮೇಲೆ ಬಂಪರ್, ಬಾನೆಟ್, ಗಾಜು ಒಂದೊಂದೇ. ಕಡೆಗೆ ಬಗ್ಗಿ ಕಾರಿನ ಕೆಳಗೆ ನೋಡಿದಾಗ ಟಾರಿನ ಮೇಲೆ ಹಸಿರು ನೀರು ತೊಟ್ಟಿಕ್ಕುತ್ತಿತ್ತು. ಅದನ್ನೂ ತೆಗೆದೆವು. ಆ ಒಂದು ಫೋಟೋ ಮುಂದೆ ನಮಗೆ ಮೂರೂವರೆ ಸಾವಿರ ರೂಪಾಯಿ ಉಳಿಸಿತು.

ಹಸಿರು ನೀರು ಅಂದರೆ ರೇಡಿಯೇಟರಿನ ಕೂಲೆಂಟ್. ಕಾರು ಸ್ಟಾರ್ಟ್ ಆಗುತ್ತಿತ್ತು. 'ಮನೆ ನಾಕೇ ಕಿಲೋಮೀಟರ್, ನಿಧಾನಕ್ಕೆ ಓಡಿಸ್ಕಂಡು ಹೋಗಿ' ಅಂದರು ನಿಂತಿದ್ದವರು. ಹಾಗೆ ಮಾಡಬೇಡಿ. ಗುದ್ದಿದ ಗಾಡಿಯನ್ನು ರಿಪೇರಿಗೆ ಮೊದಲೇ ಓಡಿಸಿ, ಅದರಿಂದ ಹಾನಿ ಹೆಚ್ಚಾದರೆ ಅದು ಮಾಲೀಕನ ತಲೆಮೇಲೆ ಅಂತ ಪಾಲಿಸಿಯಲ್ಲಿ ನೇರವಾಗಿ ಬರೆದಿದೆ. ಕೂಲೆಂಟ್ ಇಲ್ಲದೆ ಓಡಿಸಿ ಇಂಜಿನ್ ಹಿಡಿದುಕೊಂಡರೆ ಆ ಖರ್ಚನ್ನು ಕಂಪನಿ ಕೊಡುವುದಿಲ್ಲ. ನಾವು ರಸ್ತೆ ಪಕ್ಕಕ್ಕೆ ತಳ್ಳಿ, ರಾತ್ರಿ ಅಲ್ಲೇ ಒಬ್ಬರನ್ನು ಕಾವಲಿಟ್ಟು, ಬೆಳಿಗ್ಗೆ ಟೋಯಿಂಗ್ ಗಾಡಿ ಕರೆಸಿ ತಿಪಟೂರಿನ ಗ್ಯಾರೇಜಿಗೆ ಸಾಗಿಸಿದೆವು. 2,500 ರೂಪಾಯಿ ತೆಗೆದುಕೊಂಡರು, ರಸೀದಿ ಕೇಳಿ ಪಡೆದೆವು. ಪಾಲಿಸಿಯಲ್ಲಿ ಅದಕ್ಕೆ ಇದ್ದ ಮಿತಿ 1,500.

ಕಂಪನಿಗೆ ಫೋನ್ ಮಾಡಿದ್ದು ಅದೇ ರಾತ್ರಿ, ಪಾಲಿಸಿಯ ಮೇಲಿದ್ದ ಟೋಲ್ ಫ್ರೀ ನಂಬರಿಗೆ. ಏಜೆಂಟರಿಗೆ ಹೇಳಿದರೆ ಆಗುವುದಿಲ್ಲ, ಕಂಪನಿಗೇ ಹೇಳಬೇಕು. ಪಾಲಿಸಿ ನಂಬರ್, ಗಾಡಿ ನಂಬರ್, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಓಡಿಸುತ್ತಿದ್ದರು, ಈಗ ಗಾಡಿ ಎಲ್ಲಿದೆ, ಇಷ್ಟು ಕೇಳುತ್ತಾರೆ. ಆಮೇಲೆ ಮೆಸೇಜಿನಲ್ಲಿ ಒಂದು ಕ್ಲೇಮ್ ನಂಬರ್ ಬರುತ್ತದೆ. ಅದು ಬರುವವರೆಗೆ ಫೋನ್ ಇಡಬೇಡಿ.

ಇನ್ನು ಸರ್ವೇಯರ್. ಹಾನಿ ಎಷ್ಟು ಅಂತ ಅಳೆಯಲು ಕಂಪನಿ ಕಳಿಸುವವರು ಇವರೇ. 2024ರ ಜೂನ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ, ತಿಳಿಸಿದ 24 ಗಂಟೆಯೊಳಗೆ ಸರ್ವೇಯರನ್ನು ನೇಮಿಸಬೇಕು, ಅವರು 15 ದಿನದಲ್ಲಿ ವರದಿ ಕೊಡಬೇಕು, ವರದಿ ಸಿಕ್ಕ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಸರ್ವೇಯರ್ ನೋಡುವ ಮೊದಲು ಒಂದು ಬೋಲ್ಟನ್ನೂ ಬಿಚ್ಚಿಸಬಾರದು. ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್, ಆರ್‌ಸಿ, ಚಿಕ್ಕಪ್ಪನ ಲೈಸೆನ್ಸ್, ಪಾಲಿಸಿ, ಸಹಿ ಮಾಡಿದ ಕ್ಲೇಮ್ ಫಾರಂ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟುಕೊಂಡು ಕಾದೆವು.

ಮೂರನೇ ದಿನ ಬಂದರು. ಮರ್ಯಾದಸ್ಥ ಮನುಷ್ಯ, ಆದರೆ ಕಣ್ಣು ಸೂಕ್ಷ್ಮ. 'ಡಿಕ್ಕಿಯಲ್ಲಿ ಏನಿತ್ತು ಸರ್?' ಅಂತ ಚಿಕ್ಕಪ್ಪನನ್ನು ಕೇಳಿದರು. 'ಮನೆ ದಿನಸಿ ಸ್ವಾಮಿ, ಇನ್ನೇನಿರ್ತದೆ' ಅಂದರು ಚಿಕ್ಕಪ್ಪ. ಕುಶಲ ಪ್ರಶ್ನೆಯ ಹಾಗಿದ್ದರೂ ಅದು ಹಾಗಲ್ಲ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರೆ ಅಥವಾ ವ್ಯಾಪಾರದ ಮಾಲು ಸಾಗಿಸುತ್ತಿದ್ದರೆ ಕ್ಲೇಮ್ ತಳ್ಳಿಹಾಕಲು ಅವಕಾಶ ಇದೆ.

ಅವರು ನೋಡಿ ಹೋದ ಮೇಲೆ ಮೆಕ್ಯಾನಿಕ್ ಬಂಪರ್ ಬಿಚ್ಚಿದ. ಒಳಗೆ ರೇಡಿಯೇಟರ್ ಮೂಲೆ ಒಡೆದಿತ್ತು. ಎಸ್ಟಿಮೇಟಿನಲ್ಲಿ ಅದು ಇರಲಿಲ್ಲ. 'ತರಿಸಿಬಿಡ್ಲಾ?' ಅಂದ. ನಿಲ್ಲಿಸಿ, ಸರ್ವೇಯರಿಗೆ ಫೋನ್ ಮಾಡಿ, ಹೆಚ್ಚುವರಿ ಎಸ್ಟಿಮೇಟ್ ಕಳಿಸಿದೆವು. ಎಷ್ಟೋ ಕ್ಲೇಮುಗಳಲ್ಲಿ ದುಡ್ಡು ಕಳೆದುಹೋಗುವುದು ಇಲ್ಲೇ. ಬಿಚ್ಚಿದ ಮೇಲೆ ಸಿಕ್ಕ ಹಾನಿಯನ್ನು ಅವರಿಗೆ ತೋರಿಸದೆ ಹೊಸ ಸಾಮಾನು ಹಾಕಿಸಿದರೆ ಆಮೇಲೆ ಸಾಕ್ಷಿಯೇ ಇರುವುದಿಲ್ಲ. ಹಳೆಯ ಸಾಮಾನನ್ನೂ ಎಸೆಯಬಾರದು, ರಿಪೇರಿ ಮುಗಿದ ಮೇಲೆ ಅವರು ಮತ್ತೆ ಬಂದು ನೋಡುತ್ತಾರೆ.

ನಮ್ಮ ಗ್ಯಾರೇಜ್ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಮೊದಲು ಪೂರ್ತಿ ದುಡ್ಡು ನಾವು ಕಟ್ಟಿ, ಜಿಎಸ್‌ಟಿ ಬಿಲ್ಲು ಮತ್ತು ರಸೀದಿ ಕಳಿಸಿ, ಆಮೇಲೆ ವಾಪಸು ಪಡೆಯಬೇಕಿತ್ತು. ಬಿಲ್ಲು 47,600 ರೂಪಾಯಿ. ಅದು ಎಲ್ಲೆಲ್ಲಿ ಕರಗುತ್ತದೆ ಅಂತ ನಿಧಾನವಾಗಿ ನೋಡೋಣ.

ಬಂಪರ್, ಹೆಡ್‌ಲೈಟ್, ಗ್ರಿಲ್ ಸೇರಿ ಪ್ಲಾಸ್ಟಿಕ್ ಸಾಮಾನು 10,000. ಪ್ಲಾಸ್ಟಿಕ್ ಮತ್ತು ರಬ್ಬರಿಗೆ ಕಾರು ಎಷ್ಟೇ ಹೊಸದಿದ್ದರೂ ಅರ್ಧ ಕಡಿತ. ಸಿಕ್ಕಿದ್ದು 5,000. ಬಾನೆಟ್, ಫೆಂಡರ್, ರೇಡಿಯೇಟರ್ ಸೇರಿ ಲೋಹದ ಸಾಮಾನು 16,000. ಲೋಹಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ. ಮೂರರಿಂದ ನಾಲ್ಕು ವರ್ಷದೊಳಗಿನ ಗಾಡಿಗೆ ಶೇ. 25, ಐದು ದಾಟಿದರೆ ಶೇ. 40. ನಮಗೆ 4,000 ಹೋಗಿ 12,000 ಸಿಕ್ಕಿತು. ಮುಂದಿನ ಗಾಜು 6,000, ಗಾಜಿಗೆ ಕಡಿತವಿಲ್ಲ. ಕೂಲಿ 7,000, ಅದಕ್ಕೂ ಇಲ್ಲ. ಪೇಂಟಿಂಗ್ 8,000. ಅದರಲ್ಲಿ ಕಾಲು ಭಾಗ ಬಣ್ಣದ ಬೆಲೆ ಅಂತ ಲೆಕ್ಕ ಹಿಡಿದು, ಆ 2,000ದಲ್ಲಿ ಅರ್ಧ ಕಳೆದು 7,000 ಕೊಟ್ಟರು. ಕೂಲೆಂಟ್, ನಟ್ಟು ಬೋಲ್ಟಿನ 600 ಪೂರ್ತಿ ನಮ್ಮದೇ. ಒಟ್ಟು 37,000 ಆಯಿತು. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಇರುವ ಕಡ್ಡಾಯ ಕಡಿತ 1,000 ಕಳೆದು, ಟೋಯಿಂಗಿನ 1,500 ಸೇರಿಸಿದರೆ 37,500. ನಾವು ಖರ್ಚು ಮಾಡಿದ್ದು 50,100. ಕೈಯಿಂದ ಹೋಗಿದ್ದು 12,600.

ಝೀರೋ ಡೆಪ್ರಿಸಿಯೇಷನ್ ಅನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರೆ ಪ್ಲಾಸ್ಟಿಕ್, ಲೋಹ, ಬಣ್ಣದ ಆ 10,000 ಉಳಿಯುತ್ತಿತ್ತು. ಅದಕ್ಕೆ ಪ್ರತಿ ವರ್ಷ ಪ್ರೀಮಿಯಂ ಜಾಸ್ತಿ. ಕಾರು ಹಳೆಯದಾದಂತೆ ಕೊಡುವವರೂ ಕಡಿಮೆ.

ಆದರೆ ಈ ಲೆಕ್ಕ ಮೊದಲ ಸಲಕ್ಕೇ ಬಂದದ್ದಲ್ಲ. ಮೊದಲು ಬಂದ ಪತ್ರದಲ್ಲಿ ರೇಡಿಯೇಟರ್ ಹೆಸರೇ ಇರಲಿಲ್ಲ, 'ಅಪಘಾತಕ್ಕೆ ಸಂಬಂಧವಿಲ್ಲ' ಅಂತ ಬರೆದಿದ್ದರು. ಸರ್ವೇಯರಿಗೆ ತೋರಿಸಿದ್ದ ಸಾಮಾನೇ ಅದು. ಫೋನಿನಲ್ಲಿ ವಾದ ಮಾಡಲಿಲ್ಲ. ಕಂಪನಿಯ ದೂರು ವಿಭಾಗಕ್ಕೆ ಇ-ಮೇಲ್ ಬರೆದೆವು: ಕ್ಲೇಮ್ ನಂಬರ್, ಹೆಚ್ಚುವರಿ ಎಸ್ಟಿಮೇಟ್ ಕಳಿಸಿದ ತಾರೀಖು, ಮತ್ತು ಅವತ್ತು ರಾತ್ರಿ ಟಾರಿನ ಮೇಲೆ ಹಸಿರು ನೀರು ತೊಟ್ಟಿಕ್ಕುತ್ತಿದ್ದ ಫೋಟೋ. ಒಂಬತ್ತನೇ ದಿನ ರೇಡಿಯೇಟರಿನ ಪಾಲನ್ನೂ ಸೇರಿಸಿ ಹೊಸ ಲೆಕ್ಕ ಬಂತು.

ಹಾಗೆ ಬರದಿದ್ದರೆ ಮುಂದಿನ ಬಾಗಿಲು ಪ್ರಾಧಿಕಾರದ ಬಿಮಾ ಭರೋಸಾ, ಫೋನ್ 155255. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಒಪ್ಪಿಗೆಯಿಲ್ಲ ಅಂದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು ಅಷ್ಟೇ.

ಕಡೆಯದಾಗಿ ನೋ ಕ್ಲೇಮ್ ಬೋನಸ್. ಮೂರು ವರ್ಷ ಕ್ಲೇಮ್ ಮಾಡದೇ ಇದ್ದುದಕ್ಕೆ ನಮಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 35 ರಿಯಾಯಿತಿ ಇತ್ತು, ಈ ವರ್ಷವೂ ಸುಮ್ಮನಿದ್ದಿದ್ದರೆ 45 ಆಗುತ್ತಿತ್ತು. ಈಗ ಸೊನ್ನೆ. 6,000 ರೂಪಾಯಿ ಪ್ರೀಮಿಯಂನಲ್ಲಿ ಬರುವ ವರ್ಷ 2,700 ಹೆಚ್ಚು ಕಟ್ಟಬೇಕು, ಮತ್ತೆ ಶೇ. 20ರಿಂದ ಮೆಟ್ಟಿಲು ಹತ್ತಬೇಕು. 37,500 ಬರುವಾಗ ಅದು ನಷ್ಟವಲ್ಲ. ಮೊನ್ನೆ ಗೇಟಿಗೆ ಉಜ್ಜಿ ಬಂಪರ್ ಸೀಳಿದಾಗ ಮಾತ್ರ ಕ್ಲೇಮ್ ಮಾಡಲಿಲ್ಲ. ನಾಲ್ಕು ಸಾವಿರದ ಪ್ಲಾಸ್ಟಿಕ್ಕಿಗೆ ಅರ್ಧ ಕಡಿದು, ಇನ್ನೊಂದು ಸಾವಿರ ಹಿಡಿದುಕೊಂಡು ಅವರು ಕೊಡುವುದು ಒಂದೇ ಸಾವಿರ. ಚಿಕ್ಕಪ್ಪ ಗಟ್ಟಿ ಟೇಪ್ ಹಾಕಿ ಓಡಿಸುತ್ತಿದ್ದಾರೆ.